ಕಾಫಿಯ ಘಮ ಬಾಯಿಗೆ ಬರುವಷ್ಟರಲ್ಲಿ ಏನಾಗುತ್ತದೆ?

ಪ್ರಶ್ನೆ: ಮೇಡಂ, ನಮ್ಮ ಬೀದಿ ತಿರುವಿನಲ್ಲಿ ಕಾಫಿ ಪುಡಿ ಅಂಗಡಿ ಇದೆ. ಬೀಜ ಹುರಿಯೋವಾಗ ಬರೋ ಘಮಕ್ಕೆ ಕಾಲು ತಾನಾಗೇ ನಿಂತುಬಿಡುತ್ತೆ. ಆದರೆ ಅದೇ ಪುಡಿ ತಂದು ಮನೇಲಿ ಕಾಫಿ ಮಾಡಿದ್ರೆ ಆ ಘಮದ ಅರ್ಧವೂ ಬಾಯಿಗೆ ಸಿಗಲ್ಲ, ಬರೀ ಕಹಿ. ಡಾಕ್ಟರ್ ಹೇಳಿದ್ರು ಅಂತ ಎರಡು ತಿಂಗಳಿಂದ ಸಕ್ಕರೆ ಬಿಟ್ಟಿದ್ದೀನಿ. ಆಮೇಲಂತೂ ಇನ್ನೂ ಸಪ್ಪೆ. ಪುಡಿಯಲ್ಲಿ ಮೋಸವಾ, ಇಲ್ಲ ನನ್ನ ನಾಲಿಗೆಯಲ್ಲೇ ದೋಷವಾ?

ಉತ್ತರ: ಎರಡೂ ಇರಲಿಕ್ಕಿಲ್ಲ. ಕಾರಣ ಹೇಳುವ ಮೊದಲು ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ನಾಳೆ ಬೆಳಿಗ್ಗೆ ಕಾಫಿ ತುಟಿ ಸುಡದಷ್ಟು ಆರಲಿ. ಲೋಟ ಎತ್ತುವ ಮೊದಲೇ ಎಡಗೈ ಬೆರಳಿನಿಂದ ಮೂಗನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು ಗುಟುಕು ಬಾಯಿಗೆ ಹಾಕಿ ನುಂಗಿ. ಬಾಯಿ ತೆರೆಯಬೇಡಿ, ಮೂಗೂ ಬಿಡಬೇಡಿ. ಈಗ ಬಾಯಲ್ಲಿ ಏನಿದೆ ನೋಡಿ. ಬಿಸಿ ಇದೆ, ಕಹಿ ಇದೆ, ಸ್ವಲ್ಪ ಹುಳಿ ಇದೆ, ನಾಲಿಗೆಯ ಪಕ್ಕಗಳಲ್ಲಿ ಒಗರು ಇದೆ. ಕಾಫಿ ಇಲ್ಲ. ಯಾರಾದರೂ ಇದು ಕಷಾಯ ಅಂದರೂ ನೀವು ನಂಬುತ್ತೀರಿ. ಈಗ ಬಾಯಿ ಮುಚ್ಚಿಕೊಂಡೇ ಮೂಗು ಬಿಟ್ಟು ಮೆಲ್ಲಗೆ ಉಸಿರು ಹೊರಗೆ ಬಿಡಿ. ತಟ್ಟನೆ ಬಾಯಿ ತುಂಬ ಕಾಫಿ ಬರುತ್ತದೆ. ಗುಟುಕು ಆಗಲೇ ಹೊಟ್ಟೆಯಲ್ಲಿದೆ, ರುಚಿ ಈಗ ಬಂತು.

ನಾವು ಕಾಫಿ ರುಚಿ ಅಂತ ಕರೆಯುವುದರ ಬಹುಪಾಲು ಆ ಹೊರಗೆ ಹೋದ ಉಸಿರಿನಲ್ಲಿತ್ತು. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಉಮಾಮಿ ಅನ್ನುವ ಸಾರಿನ ಗಾಢ ರುಚಿ. ಅಷ್ಟೇ. ಕಾಫಿಯನ್ನು ಕಾಫಿ ಅಂತ ಗುರುತಿಸುವುದು ಮೂಗು. ನನಗೆ ಇದರ ಪಾಠ ಆಗಿದ್ದು ಕಾಫಿ ರುಚಿ ನೋಡುವ ಕೆಲಸಕ್ಕೆ ಸೇರಿದ ಹೊಸದರಲ್ಲಿ. ನೆಗಡಿ ಇದ್ದರೂ ಹಟ ಮಾಡಿ ಕಪ್ಪಿಂಗ್‌ಗೆ, ಅಂದರೆ ಕಾಫಿ ರುಚಿ ಪರೀಕ್ಷೆಗೆ, ಕೂತೆ. ಮುಗ್ಗಲು ಹಿಡಿದ ಒಂದು ಲಾಟ್‌ಗೆ "ಪರವಾಗಿಲ್ಲ" ಅಂತ ಬರೆದುಕೊಟ್ಟೆ. ಪಕ್ಕದ ಮೇಜಿನವರು ಅದೇ ಬಟ್ಟಲನ್ನು ಮೂಗಿನ ಹತ್ತಿರ ತಂದವರೇ ಮುಖ ಕಿವುಚಿದರು. ನನ್ನ ನಾಲಿಗೆಗೆ ಆ ಮುಗ್ಗಲು ಕಾಣಲೇ ಇಲ್ಲ, ಯಾಕೆಂದರೆ ಅದು ನಾಲಿಗೆಯ ಇಲಾಖೆಯೇ ಅಲ್ಲ.

ಮೂಗಿಗೆ ಎರಡು ಬಾಗಿಲು. ಮುಂಬಾಗಿಲು ನಮಗೆಲ್ಲ ಗೊತ್ತಿರುವುದು, ಉಸಿರು ಎಳೆದಾಗ ಹೊಳ್ಳೆಗಳಿಂದ ವಾಸನೆ ಒಳಗೆ ಹೋಗುತ್ತದೆ. ಹಿಂಬಾಗಿಲು ಇರುವುದು ಗಂಟಲ ಮೇಲೆ, ಕಿರುನಾಲಿಗೆಯ ಹಿಂದೆ. ನೀರು ಕುಡಿಯುವಾಗ ಯಾರಾದರೂ ನಗಿಸಿದರೆ ಮೂಗಿನಿಂದ ನೀರು ಬರುತ್ತದಲ್ವಾ, ಅದೇ ದಾರಿ. ಬಾಯಿ, ಗಂಟಲಲ್ಲಿರುವ ಘಮ ಆ ದಾರಿಯಲ್ಲಿ ಮೇಲೇರಿ ಮೂಗಿನ ಛಾವಣಿಯಲ್ಲಿರುವ ಅದೇ ವಾಸನೆಯ ನರಗಳನ್ನು ಮುಟ್ಟುತ್ತದೆ. ವಿಜ್ಞಾನಿಗಳು ಇದನ್ನು ರೆಟ್ರೊನೇಸಲ್ ಘಮ ಅನ್ನುತ್ತಾರೆ. ನಾನು ಹಿಂಬಾಗಿಲ ಘಮ ಅನ್ನುತ್ತೇನೆ.

ಸೋಜಿಗ ಏನೆಂದರೆ, ನರಗಳು ಅವೇ ಆದರೂ ಮಿದುಳು ಎರಡನ್ನೂ ಒಂದೇ ಅಂತ ತಿಳಿಯುವುದಿಲ್ಲ. ಮುಂದಿನಿಂದ ಬಂದದ್ದು ಹೊರಗಿನ ವಸ್ತುವಿನ ವಾಸನೆ. ಹಿಂದಿನಿಂದ ಬಂದದ್ದು ಬಾಯಲ್ಲಿರುವ ತಿಂಡಿಯ ರುಚಿ. ಮೂಗಿನ ಒಳಗೆ ನಡೆದದ್ದನ್ನು ಮಿದುಳು ನಾಲಿಗೆಯ ಲೆಕ್ಕಕ್ಕೆ ಬರೆದುಬಿಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ 1982ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಜನರಿಗೆ ಪರಿಚಯವಿಲ್ಲದ ಹಣ್ಣಿನ ರಸ, ಸೂಪುಗಳನ್ನು ಮೂಸಿ ಗುರುತಿಸಲು ಕಲಿಸಿದರು. ಆಮೇಲೆ ಅದನ್ನೇ ಬಾಯಿಗೆ ಕೊಟ್ಟಾಗ ಅವರಿಗೆ ಗುರುತು ಹಿಡಿಯುವುದು ಕಷ್ಟವಾಯಿತು. ಮುಂಬಾಗಿಲಲ್ಲಿ ಪರಿಚಯವಾದವರು ಹಿಂಬಾಗಿಲಲ್ಲಿ ಬಂದಾಗ ಅಪರಿಚಿತರಾದರು.

ಮಲೆನಾಡು, ಕೊಡಗಿನ ಕಡೆಯವರಿಗೆ ಇದು ಉಲ್ಟಾ ದಿಕ್ಕಿನಲ್ಲಿ ಗೊತ್ತು. ನೀರಲ್ಲಿ ನೆನೆಹಾಕಿದ ಕಳಲೆಯ ಪಾತ್ರೆ ತೆರೆದರೆ ಹೊಸಬರು ಎದ್ದು ಹೊರಗೆ ಹೋಗುತ್ತಾರೆ. ಪಲ್ಯ ಬಾಯಿಗಿಟ್ಟರೆ ಅವರೇ ಇನ್ನೊಂದು ಸಲ ಬಡಿಸಿ ಅನ್ನುತ್ತಾರೆ. ಇಂಗಿನ ಡಬ್ಬದ ಕಥೆಯೂ ಅದೇ. ಅವು ಮೂಗಿಗೆ ಕೆಟ್ಟದಾಗಿ, ಬಾಯಿಗೆ ಚೆನ್ನಾಗಿ ಕಾಣುತ್ತವೆ. ಕಾಫಿಗೆ ಮಾತ್ರ ಮೂಗಿನಲ್ಲೇ ಜಾಸ್ತಿ ಮರ್ಯಾದೆ.

ಯಾಕೆ? ಮುಂಬಾಗಿಲಲ್ಲಿ ಕಾಫಿ ಏನು ಹೇಳಿಕೊಂಡು ಬರುತ್ತದೆ ಅನ್ನುವುದನ್ನು ಮೊದಲು ನೋಡೋಣ. ಹಸಿ ಕಾಫಿ ಬೀಜ ಮೂಸಿದ್ದೀರಾ? ಹಸಿ ಬಟಾಣಿ, ಒಣ ಹುಲ್ಲು, ಅಷ್ಟೇ. ಅದನ್ನು 200 ಡಿಗ್ರಿ ದಾಟಿಸಿ ಹುರಿದಾಗ ಬೀಜದ ಸಕ್ಕರೆ, ಪ್ರೋಟೀನುಗಳು ಸೇರಿ ನೂರಾರು ಘಮದ ವಸ್ತುಗಳು ಹುಟ್ಟುತ್ತವೆ. ಇದುವರೆಗೆ ಗುರುತಿಸಿದವು ಎಂಟುನೂರಕ್ಕೂ ಹೆಚ್ಚು. ನಮ್ಮ ಮೂಗಿಗೆ ಲೆಕ್ಕಕ್ಕೆ ಬರುವುದು ಅದರಲ್ಲಿ ಒಂದೆರಡು ಡಜನ್. ಅವುಗಳಲ್ಲಿ ಒಂದಕ್ಕೆ ಸಕ್ಕರೆ ಪಾಕ ಕಂದಿದ ವಾಸನೆ. ಒಂದಕ್ಕೆ ಬೆಣ್ಣೆಯದು. ಒಂದಕ್ಕೆ ಮಾಲ್ಟಿನದು. ವೆನಿಲಾದ ವಾಸನೆ ಕೊಡುವ ವೆನಿಲಿನ್ ಕೂಡ ಸ್ವಲ್ಪ ಇದೆ. ಇವೆಲ್ಲ ನಾವು ಹುಟ್ಟಿದಾಗಿನಿಂದ ಸಿಹಿತಿಂಡಿಯ ಜೊತೆ ಕಂಡ ವಾಸನೆಗಳು. ಮೂಗು ಅದನ್ನು ಕೇಳಿ ಬಾಯಿಗೆ ಸುದ್ದಿ ಕಳಿಸುತ್ತದೆ: ಸಿಹಿ ಬರ್ತಿದೆ, ತಯಾರಾಗು. ಕಾಫಿ ಪುಡಿಯ ಡಬ್ಬ ಮೂಸುವಾಗ ಕಹಿಯ ಸುಳಿವೇ ಇರುವುದಿಲ್ಲ, ಗಮನಿಸಿದ್ದೀರಾ? ಕಹಿ ಮಾಡುವ ವಸ್ತುಗಳು ಗಾಳಿಗೆ ಹಾರುವಂಥವಲ್ಲ. ಅವು ನೀರಿಗೆ ಇಳಿಯುತ್ತವೆ, ನಾಲಿಗೆ ಮುಟ್ಟಿದಾಗಲೇ ಗೊತ್ತಾಗುವುದು.

ಈ ಘಮದ ಗುಂಪಿನಲ್ಲಿ ಒಬ್ಬ ನಾಯಕ ಇದ್ದಾನೆ. ಹೆಸರು ಫರ್ಫ್ಯೂರಿಲ್ ಥಯಾಲ್, ಗಂಧಕ ಇರುವ ಒಂದು ವಸ್ತು. ಹುರಿದ ಕಾಫಿ ಅಂದ ಕೂಡಲೇ ಮನಸ್ಸಿಗೆ ಬರುವ ಘಮ ಮುಖ್ಯವಾಗಿ ಅವನದೇ. 1920ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹರ್ಮನ್ ಸ್ಟೌಡಿಂಗರ್ ಮತ್ತು ಟಾಡಿಯಸ್ ರೈಖ್‌ಸ್ಟೈನ್ ಕಾಫಿಯಲ್ಲಿ ಇದನ್ನು ಕಂಡುಹಿಡಿದರು. ಇಬ್ಬರಿಗೂ ಮುಂದೆ ಬೇರೆ ಬೇರೆ ಕೆಲಸಕ್ಕೆ ನೊಬೆಲ್ ಬಂತು. ಈ ವಸ್ತು ಒಂದು ಲೀಟರ್ ನೀರಿನಲ್ಲಿ ಒಂದು ಗ್ರಾಂನ ಹತ್ತು ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು ಇದ್ದರೆ ಸಾಕು, ಮೂಗಿಗೆ ಸಿಕ್ಕಿಬಿಡುತ್ತದೆ. ಐದು ಎಕರೆ ಹರಡಿದ, ಹದಿನಾರು ಅಡಿ ಆಳದ ಕೆರೆಗೆ ಒಂದು ಗ್ರಾಂ ಹಾಕಿದ ಹಾಗೆ. ಇದನ್ನೇ ದಟ್ಟವಾಗಿ ಮೂಸಿದರೆ ಕೊಳೆತ ಗಂಧಕದ ನಾತ. ನಾನು ಒಂದು ಸಲ ಸೀಸೆ ಮೂಸಿ ಅರ್ಧ ದಿನ ತಲೆ ಹಿಡಿದುಕೊಂಡಿದ್ದೆ.

ಈಗ ತೊಂದರೆ ಎಲ್ಲಿ ನೋಡಿ. ಈ ನಾಯಕ ಬಹಳ ಸೂಕ್ಷ್ಮ. ಡಿಕಾಕ್ಷನ್ ಇಳಿಯುತ್ತಿದ್ದ ಹಾಗೆ ಅವನ ಕಥೆ ಮುಗಿಯುತ್ತಾ ಬರುತ್ತದೆ. ಕಾಫಿಗೆ ಕಂದು ಬಣ್ಣ ಕೊಡುವ ಮೆಲನಾಯ್ಡಿನ್ ಅನ್ನುವ ವಸ್ತುಗಳು ಬಿಸಿ ನೀರಿನಲ್ಲಿ ಅವನನ್ನು ಹಿಡಿದು ಕಟ್ಟಿಹಾಕುತ್ತವೆ. ಕಟ್ಟಿಬಿದ್ದವನು ಹಾರಲಾರ, ಹಾರದಿದ್ದರೆ ಮೂಗಿಗೆ ಇಲ್ಲ. ಫ್ಲಾಸ್ಕಿನಲ್ಲಿ ಒಂದು ಗಂಟೆ ಇಟ್ಟ ಕಾಫಿ ಬಿಸಿಯಾಗೇ ಇದ್ದರೂ ಹಳಸಿದ ಹಾಗೆ ಅನ್ನಿಸುವುದಕ್ಕೆ ಇದೊಂದು ದೊಡ್ಡ ಕಾರಣ. ಮದುವೆ ಮನೆಯ ಸ್ಟೀಲ್ ಡ್ರಮ್ಮಿನ ಕಾಫಿ ನೆನಪು ಮಾಡಿಕೊಳ್ಳಿ. ಸಿಹಿ ಇರುತ್ತದೆ, ಬಿಸಿ ಇರುತ್ತದೆ, ಘಮ ಇರುವುದಿಲ್ಲ.

ಅದಕ್ಕೂ ಮೊದಲಿನ ಸೋರಿಕೆ ಒಂದಿದೆ. ಹುರಿದ ಬೀಜದ ಒಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿರುತ್ತದೆ. ಬೀಜ ಒಡೆದ ಕೂಡಲೇ ಅದು ಹೊರಗೆ ನುಗ್ಗುತ್ತದೆ, ಜೊತೆಗೆ ಘಮವನ್ನೂ ಎಳೆದುಕೊಂಡು ಬರುತ್ತದೆ. ಅಂಗಡಿಯ ಮುಂದೆ ನಿಮ್ಮ ಕಾಲು ನಿಲ್ಲಿಸಿದ ಘಮ ಇದೇ. ಹುರಿಯುವಾಗ, ಪುಡಿ ಮಾಡುವಾಗ ಬೀದಿಗೆ ಹಾರಿದ ಆ ಪಾಲು ನಿಮ್ಮ ಪೊಟ್ಟಣದಲ್ಲಿ ಇಲ್ಲ. ನೀವು ಹೋಲಿಸುತ್ತಿರುವುದು ಆಗಲೇ ಓಡಿಹೋದ ಘಮವನ್ನು ಉಳಿದ ಘಮದ ಜೊತೆ.

ಇಷ್ಟೆಲ್ಲ ದಾಟಿ ಬಂದದ್ದು ಬಾಯಿಗೆ ಬಿದ್ದಾಗಲೂ ಸುಖವಿಲ್ಲ. ಜೊಲ್ಲು ಅದನ್ನು ತೆಳುವಾಗಿಸುತ್ತದೆ. ಜೊಲ್ಲಿನ ಪ್ರೋಟೀನು, ಕಿಣ್ವಗಳು ಕೆಲವು ಘಮಗಳನ್ನು ಹಿಡಿದಿಡುತ್ತವೆ, ಕೆಲವನ್ನು ಮುರಿದೇ ಹಾಕುತ್ತವೆ. ನಮ್ಮ ಗಂಧಕದ ನಾಯಕನಿಗೆ ಅಲ್ಲೂ ಏಟು. ಇನ್ನು ಗುಟುಕು ಬಾಯಲ್ಲಿರುವಾಗ ಮೆತ್ತನೆಯ ಅಂಗುಳು ಹಿಂಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿಕೊಂಡಿರುತ್ತದೆ. ನುಂಗುವಾಗ ಪೂರ್ತಿ ಬಂದ್. ನುಂಗಿದ ಮರುಕ್ಷಣ ಬಾಗಿಲು ತೆರೆದು ಒಂದು ಸಣ್ಣ ಉಸಿರು ಮೂಗಿನ ಕಡೆ ಹೋಗುತ್ತದೆ. ಗಂಟಲ ಗೋಡೆಗೆ ಅಂಟಿದ ತೆಳು ಪದರದ ಘಮ ಆ ಉಸಿರಿನಲ್ಲಿ ಮೇಲೇರುತ್ತದೆ. ನಿಮ್ಮ ಕಾಫಿಯ ರುಚಿ ಅಂದರೆ ಆ ಒಂದೆರಡು ಉಸಿರು. ಲೋಟದ ಮೇಲೆ ಮೂಗಿಟ್ಟರೆ ಆವಿ ಎಷ್ಟು ಹೊತ್ತು ಬೇಕಾದರೂ ಸಿಗುತ್ತದೆ. ಹಿಂಬಾಗಿಲಲ್ಲಿ ಸಿಗುವುದು ಗುಟುಕಿಗೆ ಇಷ್ಟೇ ಇಷ್ಟು.

ಮತ್ತೆ ಅದು ಒಂಟಿಯಾಗಿಯೂ ಬರುವುದಿಲ್ಲ, ಕಹಿಯ ಕೈ ಹಿಡಿದು ಬರುತ್ತದೆ. ಕಹಿಗೆ ಕೆಫೀನ್ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಅದರ ಪಾಲು ಸಣ್ಣದು. ಕೆಫೀನ್ ತೆಗೆದ ಕಾಫಿಯೂ ಕಹಿಯೇ. ದೊಡ್ಡ ಪಾಲು ಬರುವುದು ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲದಿಂದ. ಹದವಾಗಿ ಹುರಿದಾಗ ಅದು ಲ್ಯಾಕ್ಟೋನ್ ಆಗುತ್ತದೆ. ಇದರ ಕಹಿ ಹಿತವಾದದ್ದು, ಮೆಂತ್ಯ ಸೊಪ್ಪಿನ ಹಾಗೆ ಬಂದು ಹೋಗುತ್ತದೆ. ಇನ್ನೂ ಕಪ್ಪಗೆ ಹುರಿದರೆ ಅದೇ ಮುರಿದು ಫಿನೈಲಿಂಡೇನ್ ಆಗುತ್ತದೆ. ಈ ಕಹಿ ಒರಟು, ನಾಲಿಗೆ ಬಿಟ್ಟು ಹೋಗುವುದೇ ಇಲ್ಲ. ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ರೋಬಸ್ಟಾದಲ್ಲಿ ಅರೇಬಿಕಾಗಿಂತ ಕ್ಲೋರೋಜೆನಿಕ್ ಆಮ್ಲವೂ ಜಾಸ್ತಿ, ಕೆಫೀನೂ ಹತ್ತಿರ ಹತ್ತಿರ ಎರಡರಷ್ಟು. ಅದಕ್ಕೇ ಅದರ ಕಹಿಗೂ ಬಲ ಜಾಸ್ತಿ. ಸಿಹಿ ಬರುತ್ತದೆ ಅಂತ ಕಾದಿದ್ದ ಬಾಯಿಗೆ ಇದು ಬಂದರೆ ಹೇಗಿರಬೇಡ?

ಈಗ ನಿಮ್ಮ ಸಕ್ಕರೆ ವಿಷಯ. ಸಕ್ಕರೆ ಬಿಟ್ಟಾಗ ಸಿಹಿ ಮಾತ್ರ ಹೋಗಬೇಕಿತ್ತು, ಘಮ ಯಾಕೆ ಹೋಯಿತು? ಸಕ್ಕರೆಗೆ ವಾಸನೆಯೇ ಇಲ್ಲ. ಇಲ್ಲಿಯೇ ಮಿದುಳಿನ ಆಟ ಇರುವುದು. ಕಂದಿದ ಪಾಕದ ಘಮ ಹಿಂಬಾಗಿಲಲ್ಲಿ ಬರುವಾಗ ನಾಲಿಗೆಯ ಮೇಲೂ ಸಿಹಿ ಇದ್ದರೆ ಎರಡೂ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ, ಮಿದುಳು ಘಮವನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ಘಮದ ಪ್ರಮಾಣ ಅಷ್ಟೇ ಇರುತ್ತದೆ. ಚೂಯಿಂಗ್ ಗಮ್ ಅಗಿದಾಗ ನೋಡಿ. ಸ್ವಲ್ಪ ಹೊತ್ತಿಗೆ ಪುದೀನಾ ಸಪ್ಪೆ ಅನ್ನಿಸುತ್ತದೆ. ಪುದೀನಾ ಇನ್ನೂ ಅಲ್ಲೇ ಇರುತ್ತದೆ, ಕರಗಿ ಹೋದದ್ದು ಸಕ್ಕರೆ. ನಿಮ್ಮ ಲೋಟದಲ್ಲಿ ಆಗಿರುವುದೂ ಇದೇ. ಜೊತೆಗೆ ಸಿಹಿ ಮುಚ್ಚಿಟ್ಟಿದ್ದ ಕಹಿ ಈಗ ಎದ್ದು ಕೂತಿದೆ. ಇದಕ್ಕೆ ಮತ್ತೆ ಸಕ್ಕರೆ ಹಾಕಿ ಅಂತ ನಾನು ಹೇಳುವುದಿಲ್ಲ, ಡಾಕ್ಟರ್ ಮಾತು ಡಾಕ್ಟರ್ ಮಾತೇ. ಕಹಿಯನ್ನು ಬೇರೆ ಕಡೆಯಿಂದ ಇಳಿಸಬಹುದು.

ಮೊದಲು ಹುರಿತ. ಕಡು ಕಪ್ಪು ಬಿಟ್ಟು ಹದವಾಗಿ ಹುರಿದ, ಅರೇಬಿಕಾ ಜಾಸ್ತಿ ಇರುವ ಪುಡಿ ಕೇಳಿ. ಚಿಕೋರಿ ಎಷ್ಟಿದೆ ಅಂತಲೂ ಕೇಳಿ. ನಮ್ಮ ದೇಶದ ನಿಯಮದ ಪ್ರಕಾರ ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು. ಅಂದರೆ ಶೇ. 49ರವರೆಗೂ ಚಿಕೋರಿ ಇದ್ದರೆ ತಪ್ಪಲ್ಲ. ಅದು ಹುರಿದ ಬೇರು. ಬಣ್ಣ, ದಪ್ಪ ಕೊಡುತ್ತದೆ, ಕೆಫೀನ್ ಇಲ್ಲದಿದ್ದರೂ ತನ್ನದೇ ಕಹಿಯನ್ನೂ ಕೊಡುತ್ತದೆ. ನಾನು ಚಿಕೋರಿ ವಿರೋಧಿ ಅಲ್ಲ, ನಮ್ಮಮ್ಮನ ಕಾಫಿಯಲ್ಲಿ ಯಾವಾಗಲೂ ಇತ್ತು. ಆದರೆ ಘಮ ಹುಡುಕುತ್ತಿರುವವರು ಅರ್ಧ ದುಡ್ಡು ಬೇರಿಗೆ ಕೊಡುವುದು ಯಾಕೆ?

ಪುಡಿ ವಾರಕ್ಕಾಗುವಷ್ಟು ಮಾತ್ರ ತನ್ನಿ, ಗಾಳಿಯಾಡದ ಡಬ್ಬದಲ್ಲಿಡಿ. ಫಿಲ್ಟರಿಗೆ 20 ಗ್ರಾಂ ಪುಡಿ, 120 ಮಿಲಿ ನೀರು ಸಾಕು. ನೀರು ಕುದಿದ ಮೇಲೆ ಅರ್ಧ ನಿಮಿಷ ಬಿಟ್ಟು ಹಾಕಿ. ಇಳಿದ ಡಿಕಾಕ್ಷನ್ ತಕ್ಷಣ ಬಳಸಿ. ರಾತ್ರಿ ಇಳಿಸಿಟ್ಟು ಬೆಳಿಗ್ಗೆ ಕಾಯಿಸುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ, ಡಿಕಾಕ್ಷನ್ ಕುದಿಸಿದರೆ ಘಮವೆಲ್ಲ ಅಡುಗೆಮನೆಗೆ, ಕಹಿಯೆಲ್ಲ ನಿಮಗೆ. ಹಾಲು ಬಿಸಿ ಮಾಡಿ ಹಾಕಿ. ಹಾಲಿನ ಪ್ರೋಟೀನು ಒಗರನ್ನು ತಗ್ಗಿಸುತ್ತದೆ, ಕೊಬ್ಬು ಕೆಲವು ಘಮವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಹಾಲು ಅತಿಯಾದರೆ ಆ ಹಿಡಿತವೇ ಜಾಸ್ತಿಯಾಗಿ ಘಮ ಮೇಲೇಳುವುದಿಲ್ಲ. ಬಿಪಿ ಇಲ್ಲದಿದ್ದರೆ ನಾಲ್ಕು ಹರಳು ಪುಡಿಉಪ್ಪು ಹಾಕಿ ನೋಡಿ. ಉಪ್ಪು ಅಂತ ಗೊತ್ತಾಗಬಾರದು, ಅಷ್ಟೇ ಹಾಕಬೇಕು. ಕಹಿಯ ಮುಳ್ಳು ಮೊಂಡಾಗುತ್ತದೆ.

ಕುಡಿಯುವ ರೀತಿಯೂ ಬದಲಾಗಲಿ. ಕಪ್ಪಿಂಗ್ ಮಾಡುವವರು ಚಮಚದಿಂದ ಸೊರ್ ಅಂತ ಸದ್ದು ಮಾಡಿ ಹೀರುತ್ತಾರೆ. ನೋಡಿದವರಿಗೆ ನಗು ಬರುತ್ತದೆ. ಹಾಗೆ ಹೀರಿದಾಗ ಕಾಫಿ ಹನಿ ಹನಿಯಾಗಿ ಚದುರುತ್ತದೆ, ಘಮ ಬಿಡುಗಡೆಯಾಗಲು ಜಾಗ ಹೆಚ್ಚುತ್ತದೆ. ಸಣ್ಣವರಿದ್ದಾಗ ಸೊರ್ ಅಂದರೆ ಮನೆಯಲ್ಲಿ ಗದರುತ್ತಿದ್ದರು, ನಾನು ಅದಕ್ಕೇ ಸಂಬಳ ತಗೊಂಡೆ! ಸದ್ದು ಬೇಡ ಅಂದರೆ ಇಷ್ಟು ಮಾಡಿ: ಸಣ್ಣ ಗುಟುಕು ತಗೊಂಡು ಬಾಯಲ್ಲಿ ಒಂದು ಸುತ್ತು ಆಡಿಸಿ, ನುಂಗಿ, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ನಿಧಾನವಾಗಿ ಉಸಿರು ಬಿಡಿ. ಮಾತು, ಫೋನು, ಬಿಸ್ಕತ್ತು ಆಮೇಲೆ. ತೀರಾ ಬಿಸಿಯಾಗಿಯೂ ಕುಡಿಯಬೇಡಿ. ಸುಡುವ ಕಾಫಿಯನ್ನು ಗಾಳಿ ಎಳೆದುಕೊಂಡು ಬೇಗ ಬೇಗ ನುಂಗುತ್ತೇವೆ, ಹಿಂಬಾಗಿಲಿಗೆ ಸಮಯವೇ ಸಿಗುವುದಿಲ್ಲ.

ಇನ್ನೊಂದು ಮಾತು. ಕಾಫಿ ಮಾಡುವವರು ನೀವೇ ಅಂತ ಕಾಣುತ್ತದೆ. ಹಾಗಿದ್ದರೆ ಹದಿನೈದು ನಿಮಿಷ ಆ ಘಮದಲ್ಲೇ ನಿಂತಿರುತ್ತೀರಿ, ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. ಯಾರಾದರೂ ಮಾಡಿಕೊಟ್ಟ ಕಾಫಿ ಜಾಸ್ತಿ ರುಚಿ ಅನ್ನಿಸುವುದರಲ್ಲಿ ಪ್ರೀತಿಯ ಜೊತೆ ಇದೂ ಸೇರಿದೆ. ಲೋಟ ಹಿಡಿದು ಐದು ನಿಮಿಷ ಹೊರಗೆ ಜಗಲಿಗೆ ಹೋಗಿ ಕುಡಿದು ನೋಡಿ.

ಪುಡಿಯ ಮೇಲೆ ಅನುಮಾನ ಉಳಿದಿದ್ದರೆ ಅದಕ್ಕೂ ಪರೀಕ್ಷೆ ಇದೆ. ಎರಡು ಗಾಜಿನ ಲೋಟ ತಗೊಳ್ಳಿ. ಒಂದಕ್ಕೆ ನಿಮ್ಮ ಪುಡಿ 8 ಗ್ರಾಂ, ಇನ್ನೊಂದಕ್ಕೆ ಅಂಗಡಿಯಲ್ಲಿ ಈಗಷ್ಟೇ ಪುಡಿ ಮಾಡಿಸಿದ, ಚಿಕೋರಿ ಇಲ್ಲದ ಕಾಫಿ 8 ಗ್ರಾಂ. ಒಣಪುಡಿ ಮೂಸಿ. 150 ಮಿಲಿ ಬಿಸಿ ನೀರು ಹಾಕಿ ನಾಲ್ಕು ನಿಮಿಷ ಬಿಡಿ. ಹೊಸ ಪುಡಿಯ ಮೇಲೆ ದಪ್ಪ ನೊರೆಯ ಪದರ ಕಟ್ಟುತ್ತದೆ. ಚಮಚದಲ್ಲಿ ಅದನ್ನು ಒಡೆಯುತ್ತಾ ಮೂಗು ಹತ್ತಿರ ತನ್ನಿ, ಘಮ ಅಲ್ಲಿ ಎಲ್ಲಕ್ಕಿಂತ ಜೋರು. ಚಿಕೋರಿ ಇರುವ ಪುಡಿ ಕಂದು ಗೆರೆ ಬಿಡುತ್ತಾ ಬೇಗ ತಳಕ್ಕೆ ಇಳಿಯುತ್ತದೆ. ಆರಿದ ಮೇಲೆ ಎರಡನ್ನೂ ಕುಡಿಯಿರಿ. ಒಣಪುಡಿಯೇ ಮಂಕಾಗಿದ್ದರೆ ಅಥವಾ ರಟ್ಟಿನ ವಾಸನೆ ಬಂದರೆ ಪುಡಿ ಹಳೆಯದು. ಮೂಸಿದಾಗ ಎರಡೂ ಚೆನ್ನಾಗಿದ್ದು ಬಾಯಲ್ಲಿ ನಿಮ್ಮದು ಮಾತ್ರ ಕಹಿಯಾದರೆ ಹುರಿತ ಕಪ್ಪಾಯಿತು, ಇಲ್ಲ ರೋಬಸ್ಟಾ ಅಥವಾ ಚಿಕೋರಿ ಜಾಸ್ತಿ ಇದೆ. ಎರಡೂ ಚೆನ್ನಾಗಿದ್ದರೆ ತಪ್ಪು ಫಿಲ್ಟರಿನದು, ಫ್ಲಾಸ್ಕಿನದು, ಇಲ್ಲ ಹಾಲಿನದು.

ನಾಲಿಗೆಯ ದೋಷದ ಪ್ರಶ್ನೆ ಬಾಕಿ ಇದೆ. ಅದಕ್ಕೆ ಉತ್ತರ ಮೊದಲು ಹೇಳಿದ ಮೂಗು ಹಿಡಿಯುವ ಪರೀಕ್ಷೆಯಲ್ಲೇ ಇದೆ. ಮೂಗು ಬಿಟ್ಟಾಗ ತಟ್ಟನೆ ಕಾಫಿ ಬಂದರೆ ನಿಮ್ಮ ಎರಡೂ ಬಾಗಿಲು ಸರಿಯಾಗಿವೆ. ಮೂಗು ಬಿಟ್ಟರೂ ಏನೂ ಬದಲಾಗದಿದ್ದರೆ, ನೆಗಡಿಯೂ ಇಲ್ಲದಿದ್ದರೆ, ದೋಷ ಇರುವುದು ವಾಸನೆಯ ಶಕ್ತಿಯಲ್ಲಿ. ಕೋವಿಡ್ ಆದಮೇಲೆ ಬಹಳ ಜನರಿಗೆ ಕಾಫಿ ಬರೀ ಕಹಿ ನೀರಾಯಿತು. ಕೆಲವರಿಗೆ ವಾಸನೆ ಮರಳುವಾಗ ತಿರುಚಿಕೊಂಡು ಮರಳಿತು, ಕಾಫಿ ಮೂಸಿದರೆ ಕೊಳಚೆ, ಸೀದದ್ದು ಮೂಸಿದ ಹಾಗೆ ವಾಕರಿಕೆ. ಬ್ರಿಟನ್ನಿನ ಸಂಶೋಧಕರು 2022ರಲ್ಲಿ ಹಾಗೆ ವಾಕರಿಕೆ ಬರಿಸುವ ವಸ್ತು ಯಾವುದು ಅಂತ ಹುಡುಕಿದಾಗ ಮುಂದೆ ಬಂದು ನಿಂತವನು ನಮ್ಮ ಫರ್ಫ್ಯೂರಿಲ್ ಥಯಾಲೇ. ನಿಮಗೂ ಘಮ ಬದಲಾದ ಹಾಗೆ ಅನ್ನಿಸುತ್ತಿದ್ದರೆ, ಅಂಗಡಿಯ ಮುಂದೆಯೂ ಹಾಗೇ ಅನ್ನಿಸಬೇಕಿತ್ತು. ಅಲ್ಲಿ ನಿಮ್ಮ ಕಾಲು ಇನ್ನೂ ನಿಲ್ಲುತ್ತಿದೆ ಅಂತ ಬರೆದಿದ್ದೀರಿ. ಹಾಗಾಗಿ ಇಎನ್‌ಟಿ ಡಾಕ್ಟರ್ ಹತ್ತಿರ ಓಡುವ ಅಗತ್ಯ ನನಗೆ ಕಾಣುತ್ತಿಲ್ಲ. ಮೊದಲು ಆ ಎರಡು ಲೋಟದ ಪರೀಕ್ಷೆ ಮಾಡಿ, ಏನಾಯಿತು ಅಂತ ಬರೆಯಿರಿ. ಪುಡಿ ಹುರಿದ ದಿನ ಯಾವುದು ಅಂತ ಅಂಗಡಿಯಲ್ಲಿ ಕೇಳಿ, ಅದನ್ನೂ ತಿಳಿಸಿ.